ಬುಸ್ ನಿಂತರೆ ಹಾವು ಕೆಳಗಿಳಿಯಬೇಕು

ಚಿಕ್ಕಮಗಳೂರಿನಲ್ಲಿ ಜೂನ್ ಮಳೆ ಹಿಡಿದ ಮೇಲೆ ಮಕ್ಕಳ ಯೋಗ ಅಂಗಳದಿಂದ ಒಳಗೆ ಬರುತ್ತದೆ. ನನ್ನ ಕೋಣೆ 10 ಅಡಿ ಅಗಲ, 12 ಅಡಿ ಉದ್ದ. ಐದು ವರ್ಷದ ಮಕ್ಕಳನ್ನು ಆರಕ್ಕಿಂತ ಜಾಸ್ತಿ ಸೇರಿಸಿಕೊಳ್ಳುವುದಿಲ್ಲ. ಮೂರು ಮೂರು ಜನರ ಎರಡು ಸಾಲು. ತಲೆ ಕೋಣೆಯ ನಡುವಿಗೆ, ಕಾಲು ಗೋಡೆಯ ಕಡೆಗೆ. ಹೀಗೆ ಮಲಗಿಸಿದರೆ ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ ತಾಗುವುದಿಲ್ಲ. ನಡುವೆ ಉಳಿಯುವ ಜಾಗದಲ್ಲಿ ನಾನು ಕೂರುತ್ತೇನೆ. ಕಪ್ಪೆ ಕುಪ್ಪಳಿಸುವ ಆಟವನ್ನು ಬಿಸಿಲು ಬರುವವರೆಗೆ ಬಿಟ್ಟುಬಿಡುತ್ತೇನೆ. ರೆಡ್ ಆಕ್ಸೈಡ್ ನೆಲದ ಮೇಲೆ ಜಮಖಾನೆ ಜಾರುತ್ತದೆ, ಕಾಲುಚೀಲ ಇನ್ನೂ ಜಾರುತ್ತದೆ. ಅದಕ್ಕೇ ರಬ್ಬರ್ ಮ್ಯಾಟ್, ಬರಿಗಾಲು.

ನಡುವೆ ಕೂರಲು ಇನ್ನೊಂದು ಕಾರಣವಿದೆ. ಆರೂ ಮಕ್ಕಳ ಬೆನ್ನು, ಕತ್ತು, ಮೊಣಕೈಯನ್ನು ಒಟ್ಟಿಗೆ ನೋಡಲು ನನ್ನಿಂದ ಆಗುವುದಿಲ್ಲ. ಆದರೆ ಆರೂ ಜನರ ಉಸಿರು ಕೇಳಿಸುತ್ತದೆ.

ಐದು ವರ್ಷದ ಮಗುವಿಗೆ "ಉಸಿರು ಎಳೆದುಕೋ" ಎಂದು ಹೇಳಿ ನೋಡಿ. ಭುಜ ಕಿವಿಗೆ ಏರುತ್ತದೆ, ಕೆನ್ನೆ ಉಬ್ಬುತ್ತದೆ, ಉಸಿರು ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ನಾನು ಉಸಿರು ಎಂಬ ಮಾತನ್ನೇ ಎತ್ತುವುದಿಲ್ಲ. ಬೆಕ್ಕಿನ ಕಥೆ ಹೇಳುತ್ತೇನೆ.

ಬಚ್ಚಲ ಒಲೆಯ ಪಕ್ಕ ಮಲಗಿದ್ದ ಬೆಕ್ಕು ಎದ್ದು ಕೊಟ್ಟಿಗೆಗೆ ಹೋಗುತ್ತದೆ. ಮಕ್ಕಳು ಕೈ, ಮಂಡಿ ಊರಿ ನಿಲ್ಲುತ್ತಾರೆ. "ಹಸುವಿಗೆ ಹಸಿ ಹುಲ್ಲಿನ ವಾಸನೆ ಬಂತು, ಮೂಸಿ ನೋಡ್ರೋ." ಮೂಸುವಾಗ ಬಾಯಿ ತಾನೇ ಮುಚ್ಚುತ್ತದೆ, ಗಾಳಿ ಮೂಗಿನಿಂದ ಒಳಗೆ ಬರುತ್ತದೆ, ಹೊಟ್ಟೆ ಕೆಳಗಿಳಿಯುತ್ತದೆ. "ಈಗ ಬೆಕ್ಕಿಗೆ ಸಿಟ್ಟು ಬಂತು." ಬೆನ್ನು ಗುಡ್ಡದ ಹಾಗೆ ಮೇಲೇಳುತ್ತದೆ, ಉದ್ದನೆಯ ಮಿಯಾಂವ್ ಹೊರಗೆ ಬರುತ್ತದೆ. ನಾಲ್ಕೈದು ಸಲ ಸಾಕು. ಈ ವಯಸ್ಸಿನವರು ಸುಮ್ನೆ ಕೂತಿದ್ದಾಗಲೂ ನಿಮಿಷಕ್ಕೆ 20ರಿಂದ 25 ಸಲ ಉಸಿರಾಡುತ್ತಾರೆ. ನಮ್ಮ ಲೆಕ್ಕದ ನಿಧಾನವನ್ನು ಅವರ ಮೇಲೆ ಹೇರಬಾರದು.

ಆಮೇಲೆ ಕಾಫಿ ಕಣದಲ್ಲಿ ಹಾವು. ಹೆಚ್ಚು ತಪ್ಪಾಗುವುದು ಇಲ್ಲೇ. ಹೊಟ್ಟೆಯ ಮೇಲೆ ಮಲಗಿ, ಅಂಗೈ ಎದೆಯ ಪಕ್ಕ ಇಟ್ಟು, ಎದೆಯನ್ನಷ್ಟೇ ಎತ್ತಬೇಕು. ಹೊಕ್ಕುಳು ನೆಲ ಬಿಡಬಾರದು. ಮಕ್ಕಳಿಗೆ ಎತ್ತರ ಹೋಗುವ ಆಸೆ. ಕೈ ನೆಟ್ಟಗೆ ಮಾಡಿ, ತಲೆ ಹಿಂದಕ್ಕೆ ಚೆಲ್ಲಿ, ಸೊಂಟದ ಮೇಲೆ ಭಾರ ಹಾಕುತ್ತಾರೆ. "ಅಷ್ಟು ಏಳಬೇಡ" ಎಂದರೆ ಯಾರೂ ಕೇಳುವುದಿಲ್ಲ. ಕಥೆಯಲ್ಲೇ ಒಂದು ನಿಯಮ ಇಟ್ಟಿದ್ದೇನೆ: ಬುಸ್ ಅನ್ನಲು ಆಗುವಷ್ಟೇ ಎತ್ತರ. ಮೇಲೆ ನಿಂತು ಬುಸ್ಸ್ ಅನ್ನಬೇಕು, ಸದ್ದು ಮುಗಿದರೆ ಕೆಳಗಿಳಿಯಬೇಕು. ಜಾಸ್ತಿ ಎತ್ತರ ಹೋದವನ ಬುಸ್ ತುಂಡು ತುಂಡಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಕಣ್ಣಿಗೆ ಕಾಣದಿದ್ದರೂ ಯಾವ ಮೂಲೆಯ ಹಾವು ತಪ್ಪಿದೆ ಎಂದು ನನಗೆ ಗೊತ್ತಾಗುತ್ತದೆ. "ನಿನ್ನ ಹಾವು ಸ್ವಲ್ಪ ಹುಲ್ಲೊಳಗೆ ಇಳೀಲಿ" ಎಂದರೆ ಸಾಕು, ಮೊಣಕೈ ಮಡಚುತ್ತದೆ, ಬುಸ್ ಉದ್ದವಾಗುತ್ತದೆ.

ಬುಸ್ ಜೊತೆ ಕೆಮ್ಮು ಬಂದರೆ ಆ ಮಗುವನ್ನು ಅಲ್ಲೇ ನಿಲ್ಲಿಸುತ್ತೇನೆ. ಉಸಿರು ಬಿಡುವಾಗ ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳಿದರೆ ಅವತ್ತಿಗೆ ಯೋಗ ಬೇಡ, ಡಾಕ್ಟರಿಗೆ ತೋರಿಸಿ ಎಂದು ಅಮ್ಮನಿಗೆ ಹೇಳಿ ಕಳಿಸುತ್ತೇನೆ. ಮಳೆಗಾಲದ ಥಂಡಿಯಲ್ಲಿ ಇದು ಅಪರೂಪವಲ್ಲ.

ಕಾಫಿ ಹೂವಿಗೆ ಬರುವ ಜೇನಿನ ಸರದಿಯಲ್ಲಿ ನಾನೇ ಒಮ್ಮೆ ತಪ್ಪು ಮಾಡಿದೆ. ಚಕ್ಕಳಮಕ್ಕಳ ಕೂತು, ಬಾಯಿ ಮುಚ್ಚಿ, ಮ್‌ಮ್ ಎಂದು ಗುಂಯ್‌ಗುಡುವ ಆಟ ಅದು. "ಯಾರ ಜೇನು ಜಾಸ್ತಿ ದೂರ ಹಾರುತ್ತೋ ನೋಡೋಣ" ಎಂದುಬಿಟ್ಟೆ. ಕಿಟಕಿ ಪಕ್ಕದ ಹುಡುಗನ ಸದ್ದು ನಿಂತಿತ್ತು, ಆದರೂ ಅವನು ಬಾಯಿ ಬಿಗಿದು ಕೂತೇ ಇದ್ದ. ಮುಖ ಕೆಂಪಗಾಗಿ, ಕತ್ತಿನ ನರ ಎದ್ದಿತ್ತು. ನಾಲ್ಕನೇ ಸಲಕ್ಕೆ "ಮಿಸ್, ತಲೆ ತಿರುಗ್ತಿದೆ" ಎಂದ. ಮಲಗಿಸಿ, ಕಿಟಕಿ ತೆರೆದೆ. ಎರಡು ನಿಮಿಷದಲ್ಲಿ ಸರಿಹೋದ, ಆದರೆ ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಪಂದ್ಯ ಅಂದ ತಕ್ಷಣ ಮಕ್ಕಳು ಉಸಿರು ಕಟ್ಟುತ್ತಾರೆ, ಆಮೇಲೆ ಗಬಗಬ ಎಳೆದುಕೊಳ್ಳುತ್ತಾರೆ. ತಲೆ ತಿರುಗುವುದು ಅದಕ್ಕೇ. ಈಗ ಒಂದು ಜೇನಿಗೆ ಮೂರೇ ಹೂವು. ಒಂದು ಹೂವಿಗೂ ಇನ್ನೊಂದಕ್ಕೂ ನಡುವೆ "ಜೇನು ಕುಡೀತಿದೆ" ಎಂದು ಸುಮ್ಮನಿದ್ದು, ಉಸಿರು ತನ್ನಷ್ಟಕ್ಕೆ ಬರಲು ಬಿಡುತ್ತೇವೆ. ಉಸಿರು ಹಿಡಿದು ನಿಲ್ಲುವುದನ್ನಾಗಲಿ ಕಪಾಲಭಾತಿಯನ್ನಾಗಲಿ ಈ ವಯಸ್ಸಿಗೆ ನಾನು ಹೇಳಿಕೊಡುವುದೇ ಇಲ್ಲ.

ಅಷ್ಟರಲ್ಲಿ ಕಥೆಯಲ್ಲಿ ಮಳೆ ಬರುತ್ತದೆ, ಬೆಕ್ಕು ಬಚ್ಚಲ ಒಲೆಗೆ ವಾಪಸ್. ಮಂಡಿ ಮಡಚಿ, ಹಣೆ ನೆಲಕ್ಕೆ ತಾಗಿಸಿ ಮಲಗುತ್ತಾರೆ. ಮಗು ಒಪ್ಪಿದರೆ ಬೆನ್ನ ಮೇಲೆ ಹಗುರಾಗಿ ಅಂಗೈ ಇಡುತ್ತೇನೆ. "ಬೆಕ್ಕು ಉಬ್ಬುತ್ತಾ?" ಎಂದು ಕೇಳಿದರೆ ಯಾರೂ ಮಾತಾಡುವುದಿಲ್ಲ. ಅಂಗೈ ಕೆಳಗೆ ಪಕ್ಕೆ ಮಾತ್ರ ಮೆಲ್ಲಗೆ ಅಗಲವಾಗುತ್ತದೆ.