ಅಮೆರಿಕನ್ ಪುಟ್ ಬೆಲೆಗೆ ಪ್ರತಿ ನೋಡ್‌ನಲ್ಲೂ ಯಾಕೆ ನಿಂತು ನೋಡಬೇಕು?

ಓದುಗರ ಪ್ರಶ್ನೆ: ಬೆಳ್ಳಂದೂರಿನ ಒಂದು ಕಂಪನಿಯಲ್ಲಿ, ಅಮೆರಿಕದ ಷೇರುಗಳ ಆಪ್ಷನ್ ಲೆಕ್ಕ ನೋಡಿಕೊಳ್ಳುವ ತಂಡಕ್ಕೆ ಹೊಸದಾಗಿ ಸೇರಿದ್ದೇನೆ. ಬೈನಾಮಿಯಲ್ ಟ್ರೀ ಹಾಕಿ ಯುರೋಪಿಯನ್ ಪುಟ್ ಬೆಲೆ ತೆಗೆಯೋಕೆ ಬರುತ್ತದೆ. ಆ ಬೆಲೆಯನ್ನೂ ಇವತ್ತೇ ಎಕ್ಸರ್ಸೈಸ್ ಮಾಡಿದರೆ ಸಿಗುವ ದುಡ್ಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಜಾಸ್ತಿಯೋ ಅದನ್ನು ಅಮೆರಿಕನ್ ಪುಟ್ ಬೆಲೆ ಅಂತ ತೆಗೆದುಕೊಂಡರೆ ಸಾಲದಾ? ಪ್ರತಿ ನೋಡ್‌ನಲ್ಲೂ ಯಾಕೆ ನೋಡಬೇಕು?

ಉತ್ತರ: ಸಾಲದು. ಹಾಗೆ ಮಾಡಿದರೆ ಇವತ್ತು ಮತ್ತು ಎಕ್ಸ್‌ಪೈರಿ, ಈ ಎರಡೇ ದಿನ ನಿಮ್ಮ ಲೆಕ್ಕಕ್ಕೆ ಬರುತ್ತವೆ. ಮಧ್ಯೆ ಯಾವಾಗ ಬೇಕಾದರೂ ಎಕ್ಸರ್ಸೈಸ್ ಮಾಡಬಹುದು ಅನ್ನೋ ಹಕ್ಕಿಗೆ ಬೆಲೆಯೇ ಸಿಗುವುದಿಲ್ಲ. ಅಮೆರಿಕನ್ ಪುಟ್‌ಗೆ ಹೆಚ್ಚು ದುಡ್ಡು ಕೊಡೋದೇ ಆ ಹಕ್ಕಿಗೆ.

ನಮ್ಮಲ್ಲಿ ಈ ಪ್ರಶ್ನೆ ಹುಟ್ಟೋದಕ್ಕೆ ಒಂದು ಕಾರಣವೂ ಇದೆ. ಎನ್‌ಎಸ್‌ಇಯಲ್ಲಿ 2001ರಲ್ಲಿ ಷೇರು ಆಪ್ಷನ್‌ಗಳು ಶುರುವಾದಾಗ ಅವು ಅಮೆರಿಕನ್ ಮಾದರಿಯವಾಗಿದ್ದವು. 2011ರಲ್ಲಿ ಯುರೋಪಿಯನ್ ಮಾದರಿಗೆ ಬದಲಾದವು. ಹಾಗಾಗಿ ಇಲ್ಲಿ ಟ್ರೇಡ್ ಮಾಡಿ ಕಲಿತವರಿಗೆ ಮಧ್ಯದಲ್ಲಿ ಎಕ್ಸರ್ಸೈಸ್ ಮಾಡುವ ಅಭ್ಯಾಸವೇ ಇರುವುದಿಲ್ಲ. ನೀವು ನೋಡುವ ಅಮೆರಿಕದ ಷೇರು ಆಪ್ಷನ್‌ಗಳಲ್ಲಿ ಆ ಹಕ್ಕು ಇವತ್ತಿಗೂ ಇದೆ.

ಒಂದು ಹಾಳೆಯ ಮೇಲೆ ಕೈಯಲ್ಲೇ ಲೆಕ್ಕ ಹಾಕೋಣ. ಷೇರಿನ ಬೆಲೆ ಇವತ್ತು 1000. ಪುಟ್‌ನ ಸ್ಟ್ರೈಕ್ ಬೆಲೆಯೂ 1000. ಅವಧಿ 3 ವರ್ಷ, ವರ್ಷಕ್ಕೊಂದು ಹೆಜ್ಜೆ. ಬಡ್ಡಿ ವರ್ಷಕ್ಕೆ 7 ಪರ್ಸೆಂಟ್, ಡಿವಿಡೆಂಡ್ ಇಲ್ಲ. ಪ್ರತಿ ಹೆಜ್ಜೆಗೂ ಷೇರು ಏರಿದರೆ 1.25 ಪಟ್ಟು, ಇಳಿದರೆ 0.8 ಪಟ್ಟು ಆಗುತ್ತದೆ. ಒಮ್ಮೆ ಏರಿ ಒಮ್ಮೆ ಇಳಿದರೆ ಮತ್ತೆ ಹಳೇ ಬೆಲೆಗೇ ಬರುತ್ತದೆ, ಅದಕ್ಕೇ ಕೊಂಬೆಗಳು ಕೂಡಿಕೊಳ್ಳುತ್ತವೆ. ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಎಂಬ ಮೂವರು 1979ರಲ್ಲಿ ಕೊಟ್ಟ ಜೋಡಣೆ ಇದು.

ಏರಿಕೆಯ ತೂಕ `p = (1.07 - 0.8) / (1.25 - 0.8) = 0.6`. ಇಳಿಕೆಗೆ 0.4. ಷೇರು ನಿಜವಾಗಿ ಏರುವ ಸಾಧ್ಯತೆ ಇಷ್ಟು ಅಂತ ಇದನ್ನು ಓದಬೇಡಿ. ಷೇರಿಗೆ ಹಾಕಿದ ದುಡ್ಡು ಸರಾಸರಿ 7 ಪರ್ಸೆಂಟೇ ಬೆಳೆಯುವ ಹಾಗೆ ಕೂಡಿಸಿಕೊಂಡ ತೂಕ ಅಷ್ಟೆ.

ಮೂರನೇ ವರ್ಷದ ಕೊನೆಗೆ ಷೇರು 1953.13, 1250, 800 ಅಥವಾ 512ರಲ್ಲಿ ಇರುತ್ತದೆ. ಪುಟ್‌ಗೆ ಸಿಗೋದು 0, 0, 200, 488. ಇಲ್ಲಿಂದ ಹಿಂದಕ್ಕೆ ಬರಬೇಕು.

ಎರಡನೇ ವರ್ಷದ ಕೊನೆಯಲ್ಲಿ ಮೂರು ನೋಡ್‌ಗಳಿವೆ. 1562.50ರಲ್ಲಿ ಪುಟ್ ಬೆಲೆ 0. 1000ದಲ್ಲಿ ಕಾದರೆ (0.4 × 200) / 1.07, ಅಂದರೆ 74.77. ಆಗಲೇ ಎಕ್ಸರ್ಸೈಸ್ ಮಾಡಿದರೆ ಏನೂ ಸಿಗುವುದಿಲ್ಲ, ಹಾಗಾಗಿ 74.77 ಬರೆದುಕೊಳ್ಳಿ. ಈಗ 640ರ ನೋಡ್ ನೋಡಿ. ಕಾದರೆ (0.6 × 200 + 0.4 × 488) / 1.07 = 294.58. ಎಕ್ಸರ್ಸೈಸ್ ಮಾಡಿದರೆ ಕೈಗೆ 360. ಇಲ್ಲಿ 294.58 ಹೊಡೆದುಹಾಕಿ 360 ಬರೆಯಬೇಕು.

ಮೊದಲ ವರ್ಷದ ಕೊನೆಗೆ ಬನ್ನಿ. 1250ರಲ್ಲಿ ಕಾದರೆ 27.95. 800ರಲ್ಲಿ ಕಾದರೆ (0.6 × 74.77 + 0.4 × 360) / 1.07 = 176.50. ಎಕ್ಸರ್ಸೈಸ್ ಮಾಡಿದರೆ 200. ಇಲ್ಲೂ ಎಕ್ಸರ್ಸೈಸ್ ಗೆಲ್ಲುತ್ತದೆ. ಕೊನೆಗೆ ಬುಡಕ್ಕೆ ಬಂದರೆ (0.6 × 27.95 + 0.4 × 200) / 1.07 = 90.44.

ಇದೇ ಟ್ರೀಯಲ್ಲಿ ಮಧ್ಯೆ ಎಲ್ಲೂ ಎಕ್ಸರ್ಸೈಸ್‌ಗೆ ಅವಕಾಶ ಕೊಡದೆ ಯುರೋಪಿಯನ್ ಪುಟ್ ಲೆಕ್ಕ ಹಾಕಿದರೆ 72.51 ಬರುತ್ತದೆ. ನಿಮ್ಮ ವಿಧಾನದಲ್ಲಿ 72.51ನ್ನು ಇವತ್ತಿನ ಎಕ್ಸರ್ಸೈಸ್ ದುಡ್ಡಿನ ಜೊತೆ ಹೋಲಿಸುತ್ತೀರಿ. ಅದು ಸೊನ್ನೆ. ಹಾಗಾಗಿ ಉತ್ತರ 72.51ರಲ್ಲೇ ನಿಲ್ಲುತ್ತದೆ, 18 ರೂಪಾಯಿಯಷ್ಟು ಕಡಿಮೆ. ಎರಡನೇ ವರ್ಷದ ಕೊನೆಯಲ್ಲಿ ಮಾತ್ರ ನೋಡಿ ಮೊದಲ ವರ್ಷದಲ್ಲಿ ನೋಡದೆ ಬಿಟ್ಟರೆ 81.66 ಬರುತ್ತದೆ. ನೋಡುವ ಒಂದೊಂದು ಕಾಲಂಗೂ ಬೆಲೆ ಹೀಗೆ ಏರುತ್ತದೆ.

ಇನ್ನೊಂದು ತಪ್ಪು ದಾರಿಯೂ ಇದೆ. ಕೆಲವರು ಪೂರ್ತಿ ಯುರೋಪಿಯನ್ ಟ್ರೀ ಮುಗಿಸಿ, ಆಮೇಲೆ ಪ್ರತಿ ನೋಡ್‌ನ ಪಕ್ಕ ಎಕ್ಸರ್ಸೈಸ್ ದುಡ್ಡು ಬರೆದು, ಎಲ್ಲಿ ಎಕ್ಸರ್ಸೈಸ್ ಮೇಲು ಅಂತ ಬಣ್ಣ ಹಚ್ಚುತ್ತಾರೆ. ಶೀಟ್ ಚೆನ್ನಾಗಿ ಕಾಣುತ್ತದೆ, ಆದರೆ ಬುಡದಲ್ಲಿ ಮತ್ತೆ 72.51 ಇರುತ್ತದೆ. 640ರಲ್ಲಿ ಬಂದ 360 ಹಿಂದಿನ ಕಾಲಂನ ಲೆಕ್ಕದೊಳಗೆ ಹೋಗಲೇಬೇಕು. ಹೋಲಿಕೆ ಮತ್ತು ಹಿಂದಕ್ಕೆ ಬರೋದು ಒಟ್ಟಿಗೇ ನಡೆಯುವ ಕೆಲಸ.

ಕಾಯೋದರಲ್ಲಿ ಕಳೆದುಕೊಳ್ಳೋದು ಏನು?

ಇದು ಗೊತ್ತಾದರೆ ಉಳಿದಿದ್ದೆಲ್ಲ ಸುಲಭ. ಪುಟ್ ಎಕ್ಸರ್ಸೈಸ್ ಮಾಡೋದು ಅಂದರೆ ಷೇರು ಕೊಟ್ಟು 1000 ಪಡೆಯೋದು. ಇವತ್ತೇ ಪಡೆದರೆ ಎಫ್‌ಡಿಯಲ್ಲಿ ಇಟ್ಟು ಬಡ್ಡಿ ತಿನ್ನಬಹುದು. ಮುಂದಿನ ವರ್ಷ ಸಿಗುವ 1000ಕ್ಕೆ ಇವತ್ತಿನ ಬೆಲೆ 934.58 ಅಷ್ಟೆ. ಅಂದರೆ ಒಂದು ವರ್ಷ ಕಾಯೋದಕ್ಕೆ 65.42 ರೂಪಾಯಿ ನಷ್ಟ. 640ರ ನೋಡ್‌ನಲ್ಲಿ 360 ಮತ್ತು 294.58ರ ನಡುವಿನ ಅಂತರ ನೋಡಿ. ಸರಿಯಾಗಿ 65.42! ಅಲ್ಲಿಂದ ಷೇರು ಏರಿದರೂ 800, ಇಳಿದರೂ 512. ಎರಡು ಕಡೆಯೂ ಸ್ಟ್ರೈಕ್‌ನ ಕೆಳಗೇ. ಕಾಯೋದರಿಂದ ಹೊಸದಾಗಿ ಏನೂ ದಕ್ಕುವುದಿಲ್ಲ, ಬಡ್ಡಿ ಮಾತ್ರ ಕೈಬಿಡುತ್ತದೆ.

800ರ ನೋಡ್‌ನಲ್ಲಿ ಲೆಕ್ಕ ಇಷ್ಟು ಏಕಪಕ್ಷೀಯ ಅಲ್ಲ. ಷೇರು ಏರಿ 1000ಕ್ಕೆ ಬಂದರೆ, ಎಕ್ಸರ್ಸೈಸ್ ದುಡ್ಡು ಸೊನ್ನೆ ಇದ್ದರೂ ಪುಟ್‌ಗೆ 74.77 ಬೆಲೆ ಇರುತ್ತದೆ. ಆ ಆಸರೆಗೆ ಇವತ್ತಿನ ಬೆಲೆ 0.6 × 74.77 / 1.07, ಅಂದರೆ 41.93. ಕಾದರೆ 41.93 ಲಾಭ, 65.42 ನಷ್ಟ. ನಿವ್ವಳ ನಷ್ಟ ಸುಮಾರು 23.50. ಮೇಲಿನ 200 ಮತ್ತು 176.50ರ ಅಂತರವೂ ಅಷ್ಟೇ. ಬುಡದಲ್ಲಿ, ಷೇರು 1000 ಇರುವಾಗ, ಕಾಯುವ ಲಾಭ 155.86ಕ್ಕೆ ಏರುತ್ತದೆ. ಅಲ್ಲಿ ಬಡ್ಡಿಯ 65.42 ಸೋಲುತ್ತದೆ, ಪುಟ್ ಇಟ್ಟುಕೊಳ್ಳೋದೇ ಸರಿ. ಪ್ರತಿ ನೋಡ್‌ನಲ್ಲೂ ನಡೆಯೋದು ಬಡ್ಡಿ ಮತ್ತು ಆಸರೆಯ ಈ ಎಳೆದಾಟ. ಷೇರು ಬೇರೆ ಬೆಲೆಯಲ್ಲಿ ಇದ್ದಾಗ ಫಲಿತಾಂಶ ಬೇರೆ. ಅದಕ್ಕೇ ಇದನ್ನು ಒಂದೇ ಜಾಗದಲ್ಲಿ ನಿಂತು ತೀರ್ಮಾನ ಮಾಡೋಕೆ ಆಗೋದಿಲ್ಲ.

ಪುಟ್ ಮಾರಿದವರ ಕಡೆಯಿಂದಲೂ ನೋಡಿ. ಅವರು 90.44 ಪಡೆದು, 0.3823 ಷೇರು ಶಾರ್ಟ್ ಮಾಡಿ, ಒಟ್ಟು 472.77ನ್ನು 7 ಪರ್ಸೆಂಟ್‌ಗೆ ಇಟ್ಟರೆ ವರ್ಷದ ಕೊನೆಗೆ 505.86 ಆಗುತ್ತದೆ. ಷೇರು 800ಕ್ಕೆ ಇಳಿದರೆ ಶಾರ್ಟ್ ಮುಚ್ಚಿದ ಮೇಲೆ ಅವರ ಕೈಯಲ್ಲಿ 200 ಉಳಿಯುತ್ತದೆ. ನೀವು ಎಕ್ಸರ್ಸೈಸ್ ಮಾಡಿದರೆ ಅದು ಪೂರ್ತಿ ನಿಮಗೆ. ನೀವು ಮಾಡದೆ ಕೂತರೆ ಮುಂದಿನ ಬಾಧ್ಯತೆಗೆ 176.50 ಇದ್ದರೆ ಸಾಕು, 23.50 ಅವರ ಜೇಬಿಗೆ. ಅದೇ ಪುಟ್ ಅನ್ನು ಅವರು 72.51ಕ್ಕೆ ಮಾರಿದ್ದರೆ ಆ 200 ತುಂಬೋಕೇ ಆಗುತ್ತಿರಲಿಲ್ಲ.

ಕೋಡ್‌ನಲ್ಲಿ ಎಡವುವ ಜಾಗ

```python
from math import exp, log, sqrt

def put(S, K, r, sigma, T, n, american=True):
    dt = T / n
    u = exp(sigma * sqrt(dt)); d = 1 / u
    g = exp(r * dt)
    p = (g - d) / (u - d)
    V = [max(K - S * u**j * d**(n - j), 0) for j in range(n + 1)]
    for i in range(n - 1, -1, -1):
        for j in range(i + 1):
            V[j] = (p * V[j + 1] + (1 - p) * V[j]) / g
            if american:
                V[j] = max(V[j], K - S * u**j * d**(i - j))
    return V[0]

print(put(1000, 1000, log(1.07), log(1.25), 3, 3))
```

ಇದನ್ನು ಓಡಿಸಿದರೆ 90.44 ಬರಬೇಕು. `american=False` ಕೊಟ್ಟರೆ 72.51.

ಕೊನೆಯ `max` ಸಾಲಿನಲ್ಲಿ `i - j` ಇದೆ, `n - j` ಅಲ್ಲ. ಮೊದಲ ಸಲ ಬರೆದಾಗ ನಾನು ಮೇಲಿನ ಸಾಲನ್ನು ಕಾಪಿ ಮಾಡಿ `n - j`ಯನ್ನೇ ಬಿಟ್ಟಿದ್ದೆ. ಆಗ ಪ್ರತಿ ಕಾಲಂನಲ್ಲೂ ಕೊನೆಯ ವರ್ಷದ ಷೇರು ಬೆಲೆಯೇ ಹೋಲಿಕೆಗೆ ಬರುತ್ತದೆ. ಬುಡದಲ್ಲಿ ಷೇರು 1000 ಇದ್ದರೂ ಕೋಡ್ 512 ಅಂದುಕೊಳ್ಳುತ್ತದೆ, ಉತ್ತರ 488 ಬರುತ್ತದೆ. ಹೆಜ್ಜೆ ಹೆಚ್ಚಿಸಿದಷ್ಟೂ ಅದು ಇನ್ನೂ ಏರುತ್ತದೆ. ನೂರು ಹೆಜ್ಜೆ ಹಾಕಿದಾಗ ಪುಟ್ ಬೆಲೆ ಸ್ಟ್ರೈಕ್ ಹತ್ತಿರ ಹೋಗಿದ್ದು ನೋಡಿ ನನಗೆ ತಪ್ಪು ಸಿಕ್ಕಿತು.

ಇಷ್ಟು ಎದ್ದು ಕಾಣದ ತಪ್ಪು ಹಿಡಿಯೋಕೆ ಬಡ್ಡಿಯನ್ನು ಸೊನ್ನೆ ಮಾಡಿ ಓಡಿಸಿ. ಬಡ್ಡಿ ಇಲ್ಲ ಅಂದರೆ ಬೇಗ ದುಡ್ಡು ಪಡೆಯೋದರಲ್ಲಿ ಲಾಭವಿಲ್ಲ, ಹಾಗಾಗಿ ಅಮೆರಿಕನ್ ಮತ್ತು ಯುರೋಪಿಯನ್ ಪುಟ್ ಬೆಲೆ ಒಂದೇ ಬರಬೇಕು. ಪೈಸೆ ವ್ಯತ್ಯಾಸ ಕಂಡರೂ ಹೋಲಿಕೆಯ ಸಾಲಿನಲ್ಲಿ ಏನೋ ಎಡವಟ್ಟಾಗಿದೆ. ನಿಮ್ಮ ಷೇರಿಗೆ ಡಿವಿಡೆಂಡ್ ಇದ್ದರೆ ಈ ಕೋಡ್ ಹಾಗೇ ಸಾಲದು. ಡಿವಿಡೆಂಡ್ ಹೋದ ಮೇಲೆ ಷೇರು ಇಳಿಯುತ್ತದೆ, ಪುಟ್ ಹಿಡಿದವರು ಆ ದಿನದವರೆಗೂ ಕಾಯೋದರಲ್ಲಿ ಅರ್ಥವಿದೆ.

ಕೊನೆಗೆ, 90.44ನ್ನು ನಿಜವಾದ ಮಾರುಕಟ್ಟೆ ಬೆಲೆ ಅಂತ ತಗೋಬೇಡಿ. ಮೂರು ಹೆಜ್ಜೆ ಬಹಳ ಒರಟು. ಇದೇ ಏರಿಳಿತ ಮತ್ತು ಬಡ್ಡಿ ಇಟ್ಟುಕೊಂಡು ಬ್ಲ್ಯಾಕ್-ಷೋಲ್ಸ್ ಸೂತ್ರ ಯುರೋಪಿಯನ್ ಪುಟ್‌ಗೆ ಸುಮಾರು 65.8 ಕೊಡುತ್ತದೆ. ನಮ್ಮ ಟ್ರೀ 72.51 ಅಂದಿತು. ಎರಡೇ ಹೆಜ್ಜೆ ಹಾಕಿದರೆ ಸುಮಾರು 48 ಬರುತ್ತದೆ. ಸ್ಟ್ರೈಕ್ ಮತ್ತು ಷೇರು ಬೆಲೆ ಒಂದೇ ಇದ್ದಾಗ ಬೆಸ ಹೆಜ್ಜೆಗೆ ಮೇಲೆ, ಸಮ ಹೆಜ್ಜೆಗೆ ಕೆಳಗೆ ಅಂತ ಉತ್ತರ ತೂಗಾಡುತ್ತದೆ. ಅದರ ಮೇಲೆ ಅಮೆರಿಕನ್ ಪುಟ್‌ಗೆ ಇನ್ನೊಂದು ಕೊರತೆ: ವರ್ಷಕ್ಕೊಂದು ಹೆಜ್ಜೆ ಅಂದರೆ ಎಕ್ಸರ್ಸೈಸ್‌ಗೆ ವರ್ಷಕ್ಕೊಂದೇ ಅವಕಾಶ ಕೊಟ್ಟ ಹಾಗೆ. ನಿಜದಲ್ಲಿ ಮಾರುಕಟ್ಟೆ ತೆರೆದ ಯಾವ ದಿನವಾದರೂ ಮಾಡಬಹುದು. ಹಾಗಾಗಿ 500 ಮತ್ತು 501 ಹೆಜ್ಜೆ ಎರಡನ್ನೂ ಓಡಿಸಿ, ಸರಾಸರಿ ತೆಗೆಯಿರಿ. ಜೊತೆಗೇ ಅದೇ ಹೆಜ್ಜೆಗಳಲ್ಲಿ ಯುರೋಪಿಯನ್ ಬೆಲೆಯನ್ನೂ ತೆಗೆದು 65.8ರ ಪಕ್ಕ ಇಟ್ಟು ನೋಡಿ. ಯುರೋಪಿಯನ್ ಬೆಲೆ ಅಲ್ಲಿಗೆ ಬಂದು ನಿಲ್ಲುವವರೆಗೂ ಅಮೆರಿಕನ್ ಬೆಲೆಯನ್ನು ತಂಡಕ್ಕೆ ಕಳಿಸಬೇಡಿ.