ಶುಗರ್ ನಾರ್ಮಲ್ ಇದ್ದರೂ ಕುತ್ತಿಗೆ ಯಾಕೆ ಕಪ್ಪು?

ಪ್ರಶ್ನೆ: ನನ್ನ ಮಗಗ 22 ವರ್ಷ, ತೂಕ 86 ಕೆ.ಜಿ. ಕುತ್ತಿಗಿ ಹಿಂದ, ಕಂಕಳಾಗ ಕರ್ರಗಾಗೇತಿ. ಎಷ್ಟು ತಿಕ್ಕಿದ್ರೂ ಹೋಗವಲ್ದು. ಖಾಲಿ ಹೊಟ್ಟಿ ಶುಗರ್ 94 ಬಂತು, ನಾರ್ಮಲ್ ಅಂದ್ರು. ಅವರಪ್ಪಗ ಶುಗರ್ ಬಂದು ಒಂಬತ್ತು ವರ್ಷ ಆತು, ಅವರ ಕಾಲಮ್ಯಾಲೂ ಕಂದು ಕಲಿ ಅದಾವ. ಇಬ್ಬರದೂ ಒಂದ ರೋಗ ಏನ್ರಿ?
— ಬ್ಯಾಡಗಿಯ ಓದುಗರೊಬ್ಬರು

ಉತ್ತರ: ಅಕ್ಕಾರ, ಮೊದಲು ತಿಕ್ಕುವುದನ್ನು ನಿಲ್ಲಿಸಿರಿ. ಅದು ಕೊಳೆ ಅಲ್ಲ. ಲಿಂಬಿಹಣ್ಣು, ಸೋಡಾ, ಒರಟು ಬಟ್ಟೆ ಹಾಕಿ ಉಜ್ಜಿದಷ್ಟೂ ಚರ್ಮ ಕೆರಳಿ ಇನ್ನೂ ದಪ್ಪವಾಗುತ್ತದೆ.

ಮಗನ ಕುತ್ತಿಗೆಯ ಮೇಲೆ ಬೆರಳಾಡಿಸಿ ನೋಡಿರಿ. ಮಖಮಲ್ಲು ಮುಟ್ಟಿದಂತೆ ಮೆತ್ತಗೆ, ತುಸು ದಪ್ಪಗೆ ಇದ್ದು, ಸಣ್ಣ ಸಣ್ಣ ಮಡಿಕೆ ಕಂಡರೆ ಅದಕ್ಕೆ ವೈದ್ಯರು ಅಕಾಂಥೋಸಿಸ್ ನೈಗ್ರಿಕಾನ್ಸ್ ಎನ್ನುತ್ತಾರೆ. ಅಲ್ಲೇ ಚಿಕ್ಕ ನರುಳ್ಳೆಗಳೂ ಜೋತುಬಿದ್ದಿರಬಹುದು. ಕೊರಳ ಚೈನಿನ ಅಲರ್ಜಿ ಬೇರೆ: ಅದು ಚೈನು ತಾಗುವ ಗೆರೆಯಲ್ಲಷ್ಟೇ ಇದ್ದು ತುರಿಸುತ್ತದೆ, ಕಂಕುಳಿಗೆ ಹೋಗುವುದಿಲ್ಲ.

ಹಾಗಾದರೆ ಶುಗರ್ 94 ಹೇಗೆ? ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ. ಹೊಟ್ಟೆಯ ಸುತ್ತ ಕೊಬ್ಬು ತುಂಬಿದಾಗ ಮೈ ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆಯಾಗುತ್ತದೆ. ಆಗ ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ರಿಪೋರ್ಟಿನಲ್ಲಿ ಕಾಣುವುದು ಸಕ್ಕರೆ ಮಾತ್ರ. ಅದನ್ನು 94ರಲ್ಲಿ ಹಿಡಿದಿಡಲು ಗ್ರಂಥಿ ಪಡುವ ಪಾಡು ಅದರಲ್ಲಿ ಕಾಣುವುದಿಲ್ಲ. ಆದರೆ ಈ ಹೆಚ್ಚುವರಿ ಇನ್ಸುಲಿನ್ ಚರ್ಮದ ಜೀವಕೋಶಗಳನ್ನೂ ಬೆಳೆಯುವಂತೆ ಕೆಣಕುತ್ತದೆ. ಚರ್ಮ ದಪ್ಪವಾಗಿ ಮಡಿಕೆ ಬೀಳುವುದರಿಂದಲೇ ಬಹುಮಟ್ಟಿಗೆ ಕಪ್ಪಾಗಿ ಕಾಣುತ್ತದೆ. ಅಂದರೆ ಮಗನಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದಲ್ಲ. ಗ್ರಂಥಿ ದಣಿದರೆ ಬರಬಹುದು ಎಂಬ ಮುನ್ಸೂಚನೆ.

ಅದಕ್ಕೇ ಒಂದು ಖಾಲಿ ಹೊಟ್ಟೆಯ ಪರೀಕ್ಷೆಗೆ ನಿಲ್ಲಬೇಡಿರಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿರಿ. 5.7ರಿಂದ 6.4 ಬಂದರೆ ಗಡಿಯಲ್ಲಿದ್ದಾನೆ, 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹ. ಸೊಂಟದ ಸುತ್ತಳತೆಯನ್ನೂ ಟೇಪು ಹಿಡಿದು ನೋಡಿರಿ. ನಮ್ಮ ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಜಾಸ್ತಿ. 86 ಕೆ.ಜಿ.ಯಲ್ಲಿ ನಾಲ್ಕರಿಂದ ಆರು ಕೆ.ಜಿ. ಇಳಿದರೂ ಇನ್ಸುಲಿನ್ನಿನ ಹೊರೆ ತಗ್ಗುತ್ತದೆ. ಕಪ್ಪು ಮಾತ್ರ ವಾರದಲ್ಲಿ ಹೋಗುವುದಲ್ಲ, ತಿಂಗಳುಗಟ್ಟಲೆ ಹಿಡಿದು ಮಾಸುತ್ತದೆ, ಪೂರ್ತಿ ಹೋಗದೆಯೂ ಇರಬಹುದು. ಜೋಳದ ರೊಟ್ಟಿಗೇನೂ ಅಡ್ಡಿಯಿಲ್ಲ, ಎಷ್ಟು ರೊಟ್ಟಿ ಎನ್ನುವುದೇ ಲೆಕ್ಕ. ಸಂಜೆಯ ಮಿರ್ಚಿ ಭಜಿ, ದಿನಕ್ಕೆ ನಾಲ್ಕೈದು ಸಲದ ಸಕ್ಕರೆ ಚಹಾ ಮೊದಲು ಕಡಿಮೆಯಾಗಲಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಬಿಳುಪಿನ ಕ್ರೀಮು ಮಾತ್ರ ಬೇಡ. ಅಂಥವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಕೆಲ ದಿನ ಹಗುರಾದಂತೆ ಕಂಡು, ಆಮೇಲೆ ಚರ್ಮ ತೆಳುವಾಗುತ್ತದೆ. ಚರ್ಮರೋಗ ತಜ್ಞರು ರೆಟಿನಾಯ್ಡ್ ಅಥವಾ ಯೂರಿಯಾ ಇರುವ ಮುಲಾಮು ಕೊಟ್ಟರೆ ಹಚ್ಚಲಿ. ಅದು ಮೇಲಿನ ದಪ್ಪವನ್ನು ತಗ್ಗಿಸುತ್ತದೆ, ಒಳಗಿನ ಕಾರಣವನ್ನಲ್ಲ.

ಇನ್ನು ಯಜಮಾನರ ಕಾಲು. ಹೊಲದಲ್ಲಿ ಓಡಾಡುವವರಾದರೆ ಕೂಳೆ ತಾಗಿದ ಹಳೆಯ ಗಾಯದ ಗುರುತು ಅಂತ ಬಿಟ್ಟಿರುತ್ತಾರೆ. ಎರಡೂ ಕಾಲಿನ ಮುಂದಿನ ಎಲುಬಿನ ಮೇಲೆ, ಒಂದು ಸೆಂ.ಮೀ. ಆಸುಪಾಸಿನ, ದುಂಡನೆಯ, ತುಸು ಒಳಗೆ ಕುಸಿದ, ನೋವು ತುರಿಕೆ ಇಲ್ಲದ ಕಂದು ಕಲೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಡಯಾಬಿಟಿಕ್ ಡರ್ಮೋಪತಿ ಇರಬಹುದು. ಅದಕ್ಕೆ ಔಷಧಿ ಬೇಕಿಲ್ಲ. ಒಂದೆರಡು ವರ್ಷದಲ್ಲಿ ಹಳೆಯದು ಮಾಸಿ ಹೊಸದು ಹುಟ್ಟುತ್ತಿರುತ್ತದೆ.

ಮಗನದು ಕಾಯಿಲೆಗೆ ಮುಂಚಿನ ಗುರುತಾದರೆ ಇದು ಕಾಯಿಲೆ ಬಹಳ ವರ್ಷ ಮೈಯಲ್ಲಿ ಕುಳಿತ ಗುರುತು. ಇಂಥ ಕಲೆ ಇರುವವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ತೊಂದರೆಯೂ ಹೆಚ್ಚಾಗಿ ಕಾಣುತ್ತದೆ. ಒಂಬತ್ತು ವರ್ಷದಲ್ಲಿ ಅವರು ಕಣ್ಣಿಗೆ ಹನಿ ಹಾಕಿಸಿಕೊಂಡು ರೆಟಿನಾ ತೋರಿಸಿದ್ದಾರಾ? ಇಲ್ಲವಾದರೆ ಈ ತಿಂಗಳೇ ಹಾವೇರಿಗೋ ಹುಬ್ಬಳ್ಳಿಗೋ ಕರೆದೊಯ್ಯಿರಿ. ಮೂತ್ರದಲ್ಲಿ ಅಲ್ಬುಮಿನ್, ಪಾದದ ಸ್ಪರ್ಶ ಇವೆರಡನ್ನೂ ಪರೀಕ್ಷಿಸಲು ಹೇಳಿರಿ. ಕಲೆ ಹಳದಿ ಬಣ್ಣಕ್ಕೆ ತಿರುಗಿ, ಹೊಳೆದು, ಒಳಗಿನ ರಕ್ತನಾಳ ಕಾಣತೊಡಗಿದರೆ ಅದು ಬೇರೆ ರೋಗ. ಹುಣ್ಣಾಗುವ ಸಂಭವ ಇರುವುದರಿಂದ ತಡಮಾಡದೆ ತೋರಿಸಬೇಕು.

ಮನೆಯಲ್ಲಿ ತೆಳ್ಳಗಿನ, ವಯಸ್ಸಾದ ಯಾರಿಗಾದರೂ ಕುತ್ತಿಗೆಯ ಕಪ್ಪು ಕೆಲವೇ ತಿಂಗಳಲ್ಲಿ ದಿಢೀರನೆ ಹಬ್ಬಿ, ಅಂಗೈ ಬಾಯಿಗೂ ಬಂದು, ತೂಕ ಇಳಿಯುತ್ತಿದ್ದರೆ ಈ ಇನ್ಸುಲಿನ್ ಲೆಕ್ಕ ಅಲ್ಲಿ ನಡೆಯದು. ಜಠರದ ಕ್ಯಾನ್ಸರಿನಂಥ ಕಾರಣ ಒಳಗಿರಬಹುದು, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.