ಥೈರಾಯ್ಡ್ ಇದ್ದವರು ಎಲೆಕೋಸು, ಸಜ್ಜೆ ಬಿಡಬೇಕೇ?

ಪ್ರಶ್ನೆ: ನನಗೆ ಹೈಪೋಥೈರಾಯ್ಡ್ ಇದ್ದು, ದಿನವೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಎಲೆಕೋಸು, ಹೂಕೋಸು, ಮೂಲಂಗಿ, ಮರಗೆಣಸು, ಸಜ್ಜೆ, ರಾಗಿ ಯಾವುದನ್ನೂ ಮುಟ್ಟಬಾರದು ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಈ ಮಾತು ಸುಮ್ಮನೆ ಹುಟ್ಟಿದ್ದೂ ಅಲ್ಲ. ಅದರ ಮೂಲ ಗೊತ್ತಾದರೆ ಯಾವಾಗ ಹೆದರಬೇಕು, ಯಾವಾಗ ಬೇಡ ಎಂಬುದು ನಿಮಗೇ ತಿಳಿಯುತ್ತದೆ.

ಆಫ್ರಿಕಾದ ಕಾಂಗೋ ದೇಶದ ಕಿವು ಸರೋವರದಲ್ಲಿ ಇಡ್ಜ್ವಿ ಎಂಬ ದ್ವೀಪವಿದೆ. 1960ರ ದಶಕದಲ್ಲಿ ಬೆಲ್ಜಿಯಂ ವೈದ್ಯರು ಅಲ್ಲಿಗೆ ಹೋದಾಗ ಒಂದು ಒಗಟು ಎದುರಾಯಿತು. ದ್ವೀಪದ ಉತ್ತರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಕುತ್ತಿಗೆಯಲ್ಲಿ ಗಳಗಂಡವಿತ್ತು, ನೈರುತ್ಯ ಭಾಗದಲ್ಲಿ ತೀರ ಕಡಿಮೆ. ಎರಡೂ ಕಡೆಯ ಆಹಾರದಲ್ಲಿ ಅಯೋಡಿನ್ ಒಂದೇ ಪ್ರಮಾಣದಲ್ಲಿ ಕೊರತೆಯಾಗಿತ್ತು. ವ್ಯತ್ಯಾಸ ಕಂಡದ್ದು ಮರಗೆಣಸಿನಲ್ಲಿ: ಉತ್ತರದವರು ಅದನ್ನು ಹೆಚ್ಚು ತಿನ್ನುತ್ತಿದ್ದರು. ಮರಗೆಣಸಿನಲ್ಲಿ ಲಿನಾಮರಿನ್ ಎಂಬ ಅಂಶವಿದ್ದು, ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಕಹಿ ತಳಿಯ ಗೆಡ್ಡೆಯನ್ನು ಹಲವು ದಿನ ನೀರಿನಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಿದರೆ ಬಹುಪಾಲು ಹೋಗುತ್ತದೆ. ಅವಸರದಲ್ಲಿ ಮಾಡಿದರೆ ಉಳಿಯುತ್ತದೆ. ಹೀಗೆ ಉಳಿದು ಹೊಟ್ಟೆ ಸೇರಿದ ಸಯನೈಡನ್ನು ದೇಹ ಥಯೋಸಯನೇಟ್ ಆಗಿ ಬದಲಿಸಿ ಅದರ ವಿಷ ತಗ್ಗಿಸುತ್ತದೆ. ರಕ್ತದಿಂದ ಅಯೋಡಿನ್ ಎಳೆದುಕೊಳ್ಳಲು ಥೈರಾಯ್ಡ್ ಗ್ರಂಥಿಗೆ ಇರುವ ಬಾಗಿಲಿಗೆ ಈ ಥಯೋಸಯನೇಟ್ ಅಡ್ಡ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕಾಂಗೋದ ವೈದ್ಯರು ಮೂತ್ರದಲ್ಲಿ ಅಯೋಡಿನ್ ಎಷ್ಟು, ಥಯೋಸಯನೇಟ್ ಎಷ್ಟು ಎಂದು ಎರಡನ್ನೂ ಅಳೆದು ಹೋಲಿಸಿದರು. ಅಪಾಯವನ್ನು ತೀರ್ಮಾನಿಸಿದ್ದು ಥಯೋಸಯನೇಟ್ ಒಂದೇ ಅಲ್ಲ, ಅಯೋಡಿನ್ನಿಗೂ ಅದಕ್ಕೂ ಇರುವ ಅನುಪಾತ. ಅಯೋಡಿನ್ ಬೆರೆಸಿದ ಎಣ್ಣೆಯ ಚುಚ್ಚುಮದ್ದು ಕೊಟ್ಟಾಗ, ಮರಗೆಣಸು ತಿನ್ನುವುದನ್ನು ಬಿಡದಿದ್ದರೂ ಗಳಗಂಡ ಇಳಿಯಿತು. ಅಯೋಡಿನ್ ಸಾಕಷ್ಟಿದ್ದರೆ ಬಾಗಿಲಿನಲ್ಲಿ ಅಡ್ಡಿಯಿದ್ದರೂ ಗ್ರಂಥಿಗೆ ಬೇಕಾದಷ್ಟು ಒಳಗೆ ಸೇರುತ್ತದೆ.

ಸಜ್ಜೆಯ ಕಥೆಯೂ ಹತ್ತಿರದ್ದೇ. ಸುಡಾನಿನ ಡಾರ್ಫರ್‌ನಲ್ಲಿ ಮೂರು ಹೊತ್ತೂ ಸಜ್ಜೆಯನ್ನೇ ನೆಚ್ಚಿಕೊಂಡಿದ್ದ, ಅಯೋಡಿನ್ ಕೊರತೆಯೂ ಇದ್ದ ಹಳ್ಳಿಗಳಲ್ಲಿ ಗಳಗಂಡ ಹೆಚ್ಚಾಗಿತ್ತು. ಸಜ್ಜೆಯ ವೈಟೆಕ್ಸಿನ್‌ನಂಥ ಫ್ಲೇವನಾಯ್ಡ್‌ಗಳು ಅಯೋಡಿನ್ ಒಳಬರುವುದನ್ನು ತಡೆಯುವುದಿಲ್ಲ. ಒಳಗೆ ಬಂದ ಅಯೋಡಿನ್ನಿನಿಂದ ಹಾರ್ಮೋನ್ ಕಟ್ಟುವ ಕಿಣ್ವವನ್ನು ಕುಗ್ಗಿಸುತ್ತವೆ. ಆ ಪರೀಕ್ಷೆಗಳು ನಡೆದದ್ದು ಸಜ್ಜೆಯ ಮೇಲೆ. ಅದನ್ನೇ ಹಿಡಿದು ರಾಗಿಯನ್ನೂ ದೂರುವುದು ನನಗೆ ಅನ್ಯಾಯವೆನಿಸುತ್ತದೆ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಊಟಕ್ಕೆ ಎರಡು ಸಜ್ಜೆ ರೊಟ್ಟಿ ತಿಂದರೆ ಡಾರ್ಫರ್‌ನ ಪರಿಸ್ಥಿತಿ ಬರುವುದಿಲ್ಲ.

ಎಲೆಕೋಸಿನ ಜಾತಿಯ ತರಕಾರಿಗಳ ಅಪಾಯ ಇನ್ನೂ ಸಣ್ಣದು. ಬೇಯಿಸಿದಾಗ ಅವುಗಳಲ್ಲಿ ಗಳಗಂಡಕಾರಕ ಅಂಶವನ್ನು ಬಿಡಿಸುವ ಕಿಣ್ವ ನಿಷ್ಕ್ರಿಯವಾಗುತ್ತದೆ. ಈ ತರಕಾರಿಗಳಿಂದ ನಿಜಕ್ಕೂ ತೊಂದರೆಯಾದ, 2010ರಲ್ಲಿ ವರದಿಯಾದ ಒಂದು ಪ್ರಕರಣವಿದೆ: 88 ವರ್ಷದ ಮಹಿಳೆಯೊಬ್ಬರು ತಿಂಗಳುಗಟ್ಟಲೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಬಾಕ್ ಚಾಯ್ ಎಂಬ ಚೀನೀ ಎಲೆಕೋಸನ್ನು ಹಸಿಯಾಗಿಯೇ ತಿಂದು, ಥೈರಾಯ್ಡ್ ತೀರ ಕುಗ್ಗಿ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದಿದ್ದರು. ನಮ್ಮ ಪಲ್ಯಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಹಾಗೆಂದು ಹಸಿ ಎಲೆಗಳ ರಸವನ್ನು ದಿನವೂ ಲೋಟಗಟ್ಟಲೆ ಕುಡಿಯುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ.

ಇನ್ನು ನಿಮ್ಮ ವಿಷಯ. ಅಯೋಡಿನ್ ಸಾಕಷ್ಟು ಸಿಗುವ ಕಡೆ ಹೈಪೋಥೈರಾಯ್ಡಿಗೆ ಸಾಮಾನ್ಯ ಕಾರಣ ಹಾಶಿಮೊಟೊ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಮಾಡುವ ಕಾಯಿಲೆ. ಅದಕ್ಕೆ ಎಲೆಕೋಸು ಕಾರಣವಲ್ಲ, ಬಿಟ್ಟರೆ ಗುಣವಾಗುವುದೂ ಇಲ್ಲ. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡು ಮಾತ್ರೆಯಲ್ಲಿರುವವರಿಗಂತೂ ಈ ತರಕಾರಿಗಳು ಕೆಲಸ ಮಾಡಲು ಗ್ರಂಥಿಯೇ ಇರುವುದಿಲ್ಲ.

ಅಡುಗೆಮನೆಯಲ್ಲಿ ನಿಜವಾಗಿ ನೋಡಬೇಕಾದದ್ದು ಉಪ್ಪಿನ ಡಬ್ಬಿ. ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಉಪ್ಪಿಗೆ ಬದಲಾದ ಮನೆಗಳು ಬಹಳ. ಅಯೋಡಿನ್ ಬೆರೆಸದ ಉಪ್ಪಿನಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಗರ್ಭಿಣಿಯರಿಗೆ 250. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆಯೇ ಎಂದು ಓದಿ ನೋಡಿ. ಬರೀ ಸೈಂಧವ ಉಪ್ಪು ತಿನ್ನುತ್ತ, ಮೀನು, ಮೊಟ್ಟೆ, ಹಾಲು ಇಲ್ಲದ ಊಟ ಮಾಡುವವರ ಪಾಲಿಗೆ ಮಾತ್ರ ಎಲೆಕೋಸು, ಸಜ್ಜೆಗಳ ಪ್ರಶ್ನೆಗೆ ತೂಕ ಬರುತ್ತದೆ. ಅಂಥವರೂ ಮೊದಲು ಬದಲಿಸಬೇಕಾದದ್ದು ಉಪ್ಪನ್ನು.

ಎರಡನೆಯದು ಮಾತ್ರೆಯ ಹೊತ್ತು. ಲೆವೊಥೈರಾಕ್ಸಿನ್ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆಯ ನಂತರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಸೋಯಾ ಕೂಡ ಮಾತ್ರೆ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಟಿಎಸ್ಎಚ್ ಪರೀಕ್ಷೆಯಲ್ಲಿ ಏರಿದ್ದು ಕಂಡಾಗ ಎಲೆಕೋಸನ್ನು ದೂರುವ ಮೊದಲು ಇವನ್ನು ಸರಿಪಡಿಸಿ, ಆರರಿಂದ ಎಂಟು ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ ಮಾಡಿಸಿ. ಅದಕ್ಕಿಂತ ಮೊದಲೇ ಮಾಡಿಸಿದರೆ ಟಿಎಸ್ಎಚ್ ಇನ್ನೂ ಹೊಸ ಮಟ್ಟಕ್ಕೆ ಬಂದು ನಿಂತಿರುವುದಿಲ್ಲ. ಅಲ್ಲಿಯವರೆಗೆ ಮಾತ್ರೆಯ ಪ್ರಮಾಣವನ್ನು ನೀವಾಗಿಯೇ ಬದಲಿಸಬೇಡಿ.